ವಾಪಸ್ ಬಂದ ಇಮೇಲ್ ಅನ್ನು ಓದುವುದು ಹೇಗೆ

ತಿಪಟೂರಿನ ಉಂಡೆ ಕೊಬ್ಬರಿಯ ಹರಾಜು ದರವನ್ನು ವಾರಕ್ಕೊಮ್ಮೆ ಇಮೇಲ್‌ನಲ್ಲಿ ಕಳುಹಿಸುವ ಒಂದು ಬಳಗವಿದೆ ಎಂದುಕೊಳ್ಳಿ. ಪಟ್ಟಿಯಲ್ಲಿ ಸುಮಾರು ನಾನ್ನೂರು ವಿಳಾಸಗಳು. ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿಯ ತೆಂಗು ಬೆಳೆಗಾರರು, ತಿಪಟೂರಿನ ವರ್ತಕರು, ಕೆಲವು ಎಣ್ಣೆ ಗಿರಣಿಗಳು, ತುಮಕೂರಿನ ಒಂದಿಬ್ಬರು ಲೆಕ್ಕಪರಿಶೋಧಕರು ಅದರಲ್ಲಿದ್ದಾರೆ. ಕೆಲವು ವಿಳಾಸ ಸಭೆಯಲ್ಲಿ ಹಂಚಿದ ಸದಸ್ಯತ್ವ ಅರ್ಜಿಯಿಂದ ಬಂದವು, ಕೆಲವು ಬಿಲ್ ಪುಸ್ತಕದ ತಲೆಬರಹದಿಂದ, ಇನ್ನು ಕೆಲವು ವಿಸಿಟಿಂಗ್ ಕಾರ್ಡಿನಿಂದ. ಮೊದಲ ಪತ್ರ ಹೋದ ಕೆಲವೇ ನಿಮಿಷಗಳಲ್ಲಿ ಮೂವತ್ತು ನಲವತ್ತು ಪತ್ರಗಳು ಹಿಂದಿರುಗುತ್ತವೆ. ಕಳುಹಿಸಿದವರ ಹೆಸರಿನ ಜಾಗದಲ್ಲಿ `Mail Delivery Subsystem` ಅಥವಾ `MAILER-DAEMON` ಎಂದಿರುತ್ತದೆ. ಇವನ್ನೇ ಬೌನ್ಸ್ ಎನ್ನುತ್ತಾರೆ.

ಈ ಹಂತದಲ್ಲಿ ಬಹುತೇಕ ಬಳಗಗಳು ಎರಡರಲ್ಲಿ ಒಂದನ್ನು ಮಾಡುತ್ತವೆ. ಬಂದ ಸೂಚನೆಗಳನ್ನೆಲ್ಲ ಓದದೆ ಅಳಿಸುತ್ತವೆ, ಇಲ್ಲವೇ ಬೌನ್ಸ್ ಆದ ವಿಳಾಸಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕುತ್ತವೆ. ಎರಡನೆಯದು ನೋಡಲು ಶಿಸ್ತಿನ ಕೆಲಸದಂತೆ ಕಾಣುತ್ತದೆ, ಆದರೆ ಹಾನಿ ಅದರಲ್ಲೇ ಹೆಚ್ಚು. ವಾಪಸ್ ಬಂದ ಪತ್ರಗಳಲ್ಲಿ ಒಂದು ಪಾಲು ವಿಳಾಸ ತಪ್ಪಾಗಿ ಬಂದದ್ದು, ಒಂದು ಪಾಲು ಪೆಟ್ಟಿಗೆ ತುಂಬಿ ಬಂದದ್ದು, ಇನ್ನೊಂದು ಪಾಲು ಕಳುಹಿಸಿದ ನಮ್ಮದೇ ಸರ್ವರ್‌ನ ದೋಷದಿಂದ ಬಂದದ್ದು. ಮೂರನ್ನೂ ಒಂದೇ ಏಟಿಗೆ ಅಳಿಸಿದರೆ, ಸರಿಯಾದ ವಿಳಾಸ ಕೊಟ್ಟ ಬೆಳೆಗಾರರೂ ಪಟ್ಟಿಯಿಂದ ಹೊರಬೀಳುತ್ತಾರೆ. ಪತ್ರ ಏಕೆ ನಿಂತಿತು ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಆದ್ದರಿಂದ ಸೂಚನೆಯನ್ನು ಓದಬೇಕು. ಅದರ ಮೇಲ್ಭಾಗದಲ್ಲಿ ಮನುಷ್ಯರಿಗಾಗಿ ಬರೆದ ಎರಡು ಮೂರು ಸಾಲುಗಳಿರುತ್ತವೆ. ಕೆಳಗಡೆ ನಾವು ಕಳುಹಿಸಿದ ಪತ್ರ, ಅಥವಾ ಅದರ ತಲೆಸಾಲುಗಳು ಮಾತ್ರ, ಅಂಟಿಕೊಂಡಿರುತ್ತವೆ. ಇವೆರಡರ ನಡುವೆ ಯಂತ್ರಗಳಿಗಾಗಿ ಬರೆದ ಒಂದು ಸಣ್ಣ ಭಾಗವಿದೆ. ಕೆಲಸಕ್ಕೆ ಬರುವುದು ಅದೇ. ಜಿಮೇಲ್‌ನಂಥ ಸೇವೆಗಳು ಅದನ್ನು ತೆರೆಯ ಮೇಲೆ ನೇರವಾಗಿ ತೋರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಆ ಪತ್ರವನ್ನು ತೆರೆದು, ಬಲಗಡೆಯ ಮೂರು ಚುಕ್ಕೆ ಒತ್ತಿ, `Show original` ಆರಿಸಿದರೆ ಪೂರ್ತಿ ಪಠ್ಯ ಕಾಣುತ್ತದೆ. ನಮ್ಮ ಉದಾಹರಣೆಯ ಒಂದು ಸೂಚನೆಯಲ್ಲಿ ಆ ಭಾಗ ಹೀಗಿದೆ. ವಿಳಾಸದ ಕೆಲವು ಅಕ್ಷರಗಳನ್ನು ಮರೆಮಾಡಿದ್ದೇನೆ.

```
Reporting-MTA: dns; mail.example.in
Final-Recipient: rfc822; k****tptr@gmail.com
Action: failed
Status: 5.1.1
Remote-MTA: dns; gmail-smtp-in.l.google.com
Diagnostic-Code: smtp; 550-5.1.1 The email account that
 you tried to reach does not exist.
```

ಈ ನಮೂನೆಯನ್ನು ನಿಗದಿಪಡಿಸಿದ್ದು 2003ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3464 ಎಂಬ ದಾಖಲೆ. ಎಲ್ಲ ಸರ್ವರ್‌ಗಳೂ ಇದನ್ನು ಅಚ್ಚುಕಟ್ಟಾಗಿ ಪಾಲಿಸುವುದಿಲ್ಲವಾದರೂ ಹೆಚ್ಚಿನವು ಪಾಲಿಸುತ್ತವೆ. `Reporting-MTA` ಎಂದರೆ ಈ ಸೂಚನೆ ಬರೆದ ಸರ್ವರ್. `Remote-MTA` ಎಂದರೆ ಪತ್ರವನ್ನು ನಿರಾಕರಿಸಿದ ಸರ್ವರ್. ಇವೆರಡು ಬೇರೆಬೇರೆ ಎಂಬುದನ್ನು ಗಮನಿಸಿ. ನಮ್ಮ ಸರ್ವರ್ ಗೂಗಲ್‌ನ ಬಾಗಿಲಿಗೆ ಹೋಯಿತು, ಗೂಗಲ್ ಬೇಡವೆಂದಿತು, ಅದು ಹೇಳಿದ ಮಾತನ್ನು ನಮ್ಮ ಸರ್ವರ್ ಬರೆದುಕೊಂಡು ನಮಗೆ ತಂದುಕೊಟ್ಟಿತು. ಗೂಗಲ್ ಆಡಿದ ಮಾತು `Diagnostic-Code` ಸಾಲಿನಲ್ಲಿದೆ. `Remote-MTA` ಸಾಲು ಇಲ್ಲವೇ ಇಲ್ಲ ಎಂದಾದರೆ, ಪತ್ರ ಹೊರಗಿನ ಯಾವ ಬಾಗಿಲನ್ನೂ ಮುಟ್ಟಿರದಿರುವ ಸಾಧ್ಯತೆಯೇ ಹೆಚ್ಚು.

ಇನ್ನು `Status` ಸಾಲಿನ ಮೂರು ಅಂಕಿಗಳು. ಮೊದಲನೆಯದು 5 ಆಗಿದ್ದರೆ ನಿರಾಕರಣೆ ಖಾಯಂ, ಮತ್ತೆ ಅದೇ ಪತ್ರ ಕಳುಹಿಸಿದರೂ ಅದೇ ಉತ್ತರ. 4 ಆಗಿದ್ದರೆ ತಾತ್ಕಾಲಿಕ, ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎರಡನೆಯ ಅಂಕಿ ತೊಂದರೆ ಎಲ್ಲಿದೆ ಎಂದು ಹೇಳುತ್ತದೆ. ವಿಳಾಸಪಟ್ಟಿ ಶುಚಿ ಮಾಡುವವರಿಗೆ ಇದರಲ್ಲಿ ನಾಲ್ಕು ಗೊತ್ತಿದ್ದರೆ ಸಾಕು: 1 ಎಂದರೆ ವಿಳಾಸ, 2 ಎಂದರೆ ಅಂಚೆಪೆಟ್ಟಿಗೆ, 4 ಎಂದರೆ ಜಾಲ ಮತ್ತು ದಾರಿ, 7 ಎಂದರೆ ಭದ್ರತೆ ಅಥವಾ ನೀತಿ. ಮೂರನೆಯ ಅಂಕಿ ಇನ್ನಷ್ಟು ವಿವರ ಕೊಡುತ್ತದೆ. ಮೇಲಿನ 5.1.1 ಎಂದರೆ ಖಾಯಂ ನಿರಾಕರಣೆ, ಕಾರಣ ವಿಳಾಸ, ಆ ಹೆಸರಿನ ಖಾತೆ ಅಲ್ಲಿಲ್ಲ.

ಪಟ್ಟಿಯನ್ನು ಸರಿಪಡಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಬೇರೊಂದಿಲ್ಲ. ಡೊಮೇನ್, ಅಂದರೆ @ ನಂತರದ ಹೆಸರು, ಸರಿಯಿದೆ, ಸರ್ವರ್ ಸಿಕ್ಕಿದೆ, ಅದು ಸ್ಪಷ್ಟವಾಗಿ ಉತ್ತರಿಸಿದೆ. ಹಾಗಾದರೆ ತಪ್ಪು ಇರುವುದು @ ಚಿಹ್ನೆಯ ಎಡಗಡೆಯಲ್ಲಿ. ಈಗ ಕಂಪ್ಯೂಟರನ್ನು ಬಿಟ್ಟು ಮೂಲ ಕಾಗದವನ್ನು ಹುಡುಕಬೇಕು. ಈ ಬೆಳೆಗಾರರ ಅರ್ಜಿಯಲ್ಲಿ ಇಮೇಲ್‌ಗೆಂದು ಅಡ್ಡಗೆರೆ ಎಳೆದ ಒಂದು ಸಾಲಿತ್ತು. ಅವರು ತಮ್ಮ ಹೆಸರು ಬರೆದು, 1 ಎಂಬ ಅಂಕಿ ಹಾಕಿ, ಆಮೇಲೆ `tptr` ಎಂದು ಬರೆದಿದ್ದರು. ಆ ಅಂಕಿ ಬರಿಯ ಉದ್ದಗೆರೆಯಾಗಿ `l` ಅಕ್ಷರದಂತೆ ಕಂಡಿತು. ಟೈಪ್ ಮಾಡಿದವರು `l` ಎಂದೇ ಹಾಕಿಬಿಟ್ಟರು. ಅದೇ ಕಾಗದದಲ್ಲಿ ಮೊಬೈಲ್ ಸಂಖ್ಯೆಯ 1 ಅನ್ನು ಅವರು ಹೇಗೆ ಬರೆದಿದ್ದಾರೆ ಎಂಬುದನ್ನು ನೋಡಿದ ಮೇಲೆಯೇ ಇದು ಹೊಳೆಯುವುದು. ಕೈಬರಹದಿಂದ ಬಂದ 5.1.1ಗಳಲ್ಲಿ ಪದೇ ಪದೇ ಸಿಗುವ ತಪ್ಪುಗಳು ಕೆಲವೇ: ಗೆರೆಯಲ್ಲಿ ಮುಳುಗಿದ ಅಂಡರ್‌ಸ್ಕೋರ್, ಸೊನ್ನೆ ಮತ್ತು `o`, ಒಂದು ಮತ್ತು `l`, `u` ಮತ್ತು `v`, ಜೊತೆಗೆ ನಮ್ಮ ಹೆಸರುಗಳ `th` ಮತ್ತು `t`, `sh` ಮತ್ತು `s`. ಮಂಜುನಾಥ, ಶಿವಣ್ಣ, ಗಂಗಾಧರ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಲವು ಬಗೆಯಲ್ಲಿ ಬರೆಯಬಹುದು, ಟೈಪ್ ಮಾಡುವವರ ಕೈ ತನಗೆ ರೂಢಿಯಾದ ಬಗೆಯತ್ತ ಜಾರುತ್ತದೆ.

ಊಹೆ ಸಿಕ್ಕಿತೆಂದು ಆ ಹೊಸ ವಿಳಾಸಕ್ಕೆ ಕೂಡಲೇ ಪತ್ರ ಕಳುಹಿಸಬೇಡಿ. ನಾವು ಊಹಿಸಿದ ವಿಳಾಸ ಇನ್ಯಾರದ್ದೋ ಆಗಿರಬಹುದು. ಆಗ ಬೌನ್ಸ್ ಬರುವುದಿಲ್ಲ, ಅಪರಿಚಿತರಿಗೆ ವಾರವಾರ ಕೊಬ್ಬರಿ ದರ ಹೋಗುತ್ತಿರುತ್ತದೆ, ನಾವು ಸರಿಪಡಿಸಿದೆವು ಎಂದುಕೊಂಡಿರುತ್ತೇವೆ. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಇದ್ದೇ ಇರುತ್ತದೆ. ಒಂದು ಕರೆ ಮಾಡಿ ಕೇಳುವುದೇ ಸರಿಯಾದ ದಾರಿ.

@ ಚಿಹ್ನೆಯ ಬಲಗಡೆಯ ತಪ್ಪುಗಳ ಸ್ವಭಾವ ಬೇರೆ. `gmail.con` ಎಂದು ಟೈಪ್ ಆಗಿದ್ದರೆ ಸೂಚನೆ ಕ್ಷಣದಲ್ಲೇ ಬರುತ್ತದೆ, ಏಕೆಂದರೆ `.con` ಎಂಬ ಕೊನೆಯೇ ಜಗತ್ತಿನಲ್ಲಿಲ್ಲ. ಸೂಚನೆಯಲ್ಲಿ `Host or domain name not found` ಎಂಬಂಥ ಮಾತಿರುತ್ತದೆ, `Status` 5.1.2 ಅಥವಾ 5.4.4 ಇರುತ್ತದೆ, `Remote-MTA` ಇರುವುದಿಲ್ಲ. ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ತಪ್ಪು ಕಣ್ಣಿಗೆ ಕಾಣುತ್ತದೆ.

ತೊಂದರೆ ಕೊಡುವುದು ಅಕ್ಷರ ಅದಲುಬದಲಾದ ಡೊಮೇನ್‌ಗಳು. ಪ್ರಸಿದ್ಧ ಸೇವೆಗಳ ಹೆಸರಿನ ತಪ್ಪು ರೂಪಗಳನ್ನು ಬೇರೆಯವರು ಕೊಂಡು ಇಟ್ಟುಕೊಂಡಿರುವುದು ಸಾಮಾನ್ಯ. ಡೊಮೇನ್ ಇದೆ, ಆದರೆ ಅದರ ಹಿಂದೆ ಇಮೇಲ್ ಸ್ವೀಕರಿಸುವ ಸರ್ವರ್ ಇಲ್ಲ. ನಮ್ಮ ಸರ್ವರ್ ಬಾಗಿಲು ತಟ್ಟುತ್ತದೆ, ಉತ್ತರವಿಲ್ಲ, ಕಾಯುತ್ತದೆ, ಮತ್ತೆ ತಟ್ಟುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಜನಪ್ರಿಯ ಸರ್ವರ್ ತಂತ್ರಾಂಶ, ಬೇರೆ ಹೇಳದಿದ್ದರೆ, 5 ದಿನಗಳವರೆಗೆ ಹೀಗೆ ಪ್ರಯತ್ನಿಸುತ್ತದೆ. ಆಮೇಲೆ ಬರುವ ಸೂಚನೆಯಲ್ಲಿ `Status: 4.4.1` ಮತ್ತು `Connection timed out` ಎಂದಿರುತ್ತದೆ. 4 ನೋಡಿ ತಾತ್ಕಾಲಿಕ ಎಂದು ಬಿಟ್ಟುಬಿಡುವವರು ಇಲ್ಲಿ ಎಡವುತ್ತಾರೆ. ಅದೇ ಸೂಚನೆಯ `Action` ಸಾಲನ್ನು ನೋಡಿ. `delayed` ಎಂದಿದ್ದರೆ ಸರ್ವರ್ ಇನ್ನೂ ಪ್ರಯತ್ನಿಸುತ್ತಿದೆ, ನಾವು ಏನೂ ಮಾಡಬೇಕಾಗಿಲ್ಲ. `failed` ಎಂದಿದ್ದರೆ ಕೈಚೆಲ್ಲಿದೆ. ಅಂಕಿ 4 ಇದ್ದು `failed` ಎಂದು ಬಂದರೆ ಮೊದಲು ಡೊಮೇನ್‌ನ ಕಾಗುಣಿತ ನೋಡಬೇಕು.

ಈ ಬಗೆಯ ತಪ್ಪಿಗೆ ಬೌನ್ಸ್‌ಗಾಗಿ ಕಾಯುವುದೇ ಬೇಡ. ವಿಳಾಸಗಳು ಸ್ಪ್ರೆಡ್‌ಶೀಟ್‌ನ ಮೊದಲ ಕಂಬದಲ್ಲಿದ್ದರೆ ಪಕ್ಕದ ಖಾಲಿ ಕಂಬದಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=LOWER(TRIM(MID(A2,FIND("@",A2)+1,99)))
```

ಇದು @ ನಂತರದ ಭಾಗವನ್ನು ಮಾತ್ರ ತೆಗೆದುಕೊಡುತ್ತದೆ. ಇಡೀ ಹಾಳೆಯನ್ನು ಆ ಕಂಬದ ಅಕ್ಷರಾನುಕ್ರಮದಲ್ಲಿ ಜೋಡಿಸಿದರೆ ನಾನ್ನೂರು ಸಾಲು ಹತ್ತಿಪ್ಪತ್ತು ಗುಂಪುಗಳಾಗುತ್ತದೆ. ದೊಡ್ಡ ಗುಂಪುಗಳನ್ನು ಬಿಟ್ಟು, ಒಂದೇ ಒಂದು ಸಾಲು ಇರುವ ಡೊಮೇನ್‌ಗಳನ್ನು ಕಣ್ಣಿಟ್ಟು ನೋಡಿ. ಅವುಗಳಲ್ಲಿ ಕೆಲವು ನಿಜವಾದ ಗಿರಣಿಗಳ ಸ್ವಂತ ಡೊಮೇನ್‌ಗಳಾಗಿರುತ್ತವೆ, ಉಳಿದವು ತಪ್ಪು ಕಾಗುಣಿತ. ಸೂತ್ರ ದೋಷ ತೋರಿಸಿದ ಸಾಲಿನಲ್ಲಿ @ ಚಿಹ್ನೆಯೇ ಇಲ್ಲ ಎಂದರ್ಥ. ಈ ಕೆಲಸವನ್ನು ಪ್ರತಿ ಪಟ್ಟಿಗೂ ಕಳುಹಿಸುವ ಮುನ್ನವೇ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಡೊಮೇನ್‌ನ ಮಾಲೀಕರು ಒಂದು ಸರ್ವರ್ ಇಟ್ಟುಕೊಂಡಿದ್ದರೆ ನಮ್ಮ ಪತ್ರ ಅವರಿಗೆ ಸದ್ದಿಲ್ಲದೆ ತಲುಪುತ್ತದೆ, ಯಾವ ಸೂಚನೆಯೂ ಬರುವುದಿಲ್ಲ.

ಈಗ ಎರಡನೆಯ ಅಂಕಿ 2 ಇರುವವು. 4.2.2 ಅಥವಾ 5.2.2 ಎಂದರೆ ಪೆಟ್ಟಿಗೆ ತುಂಬಿದೆ. ವಾಕ್ಯದಲ್ಲಿ `over quota` ಅಥವಾ `out of storage space` ಎಂದಿರುತ್ತದೆ. ಗೂಗಲ್‌ನ ಉಚಿತ ಖಾತೆಗೆ ಸಿಗುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ತೋಟದ, ಮದುವೆಯ, ಮೊಮ್ಮಕ್ಕಳ ಫೋಟೋಗಳು ಮೊಬೈಲಿನಿಂದ ತಾವಾಗಿ ಏರುತ್ತಾ ಹೋಗಿ ಜಾಗ ತುಂಬಿದರೆ ಇಮೇಲ್ ಬರುವುದು ನಿಲ್ಲುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಆಗಿರುವುದಿಲ್ಲ. ಇಂಥ ವಿಳಾಸ ಸರಿಯಾದ ವಿಳಾಸ. ಅಳಿಸುವುದು ಅನ್ಯಾಯ. ವಾಟ್ಸಾಪ್‌ನಲ್ಲಿ ಒಂದು ಮಾತು ಹೇಳಿದರೆ ಅವರಿಗೆ ಉಪಕಾರವಾಗುತ್ತದೆ, ಬ್ಯಾಂಕಿನ ಪತ್ರಗಳೂ ನಿಂತಿರುತ್ತವೆ. ಆದರೆ ತಿಂಗಳುಗಟ್ಟಲೆ ಅದೇ ಉತ್ತರ ಬರುತ್ತಿದ್ದರೆ ಖಾತೆಯನ್ನು ಕೈಬಿಟ್ಟಿದ್ದಾರೆಂದು ತಿಳಿಯಬೇಕು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿತು, ಆ ವರ್ಷದ ಡಿಸೆಂಬರ್‌ನಿಂದ ಅದು ಜಾರಿಗೆ ಬಂತು. ಹಿಂದೆ ಸರಿಯಾಗಿ ತಲುಪುತ್ತಿದ್ದ ಹಳೆಯ ವಿಳಾಸ ಇದ್ದಕ್ಕಿದ್ದಂತೆ 5.1.1 ಕೊಟ್ಟರೆ ಟೈಪಿಂಗ್ ತಪ್ಪನ್ನು ಹುಡುಕುವುದು ವ್ಯರ್ಥ. ಖಾತೆಯೇ ಹೋಗಿದೆ, ಹೊಸ ವಿಳಾಸ ಕೇಳಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಎರಡನೆಯ ಅಂಕಿ 7 ಇದ್ದಾಗ. ಇಲ್ಲಿ ತಪ್ಪು ಬಹುತೇಕ ನಮ್ಮದೇ. ಉದಾಹರಣೆಗೆ ಜಿಮೇಲ್ ಕೊಡುವ 5.7.26 ಎಂದರೆ, ಪತ್ರ ನಿಜವಾಗಿ ನಮ್ಮ ಡೊಮೇನ್‌ನಿಂದಲೇ ಬಂದಿದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಆ ಪುರಾವೆಯನ್ನು ಎಸ್‌ಪಿಎಫ್ ಮತ್ತು ಡಿಕಿಮ್ ಎಂಬ ಎರಡು ದಾಖಲೆಗಳು ಕೊಡುತ್ತವೆ. ಅವನ್ನು ಡೊಮೇನ್ ಕೊಂಡ ಕಡೆ, ಅದರ ಡಿಎನ್‌ಎಸ್ ಪುಟದಲ್ಲಿ ಸೇರಿಸಬೇಕು. ಇದರ ಗುರುತು ಸುಲಭ: ಒಂದೇ ಸಲಕ್ಕೆ ಜಿಮೇಲ್‌ನವರೆಲ್ಲರೂ ಬೌನ್ಸ್ ಆಗಿರುತ್ತಾರೆ, ಯಾಹೂ ಅಥವಾ ರೆಡಿಫ್‌ಮೇಲ್‌ನವರಿಗೆ ತಲುಪಿರಬಹುದು. ಆದ್ದರಿಂದ ಸೂಚನೆಗಳನ್ನು ಒಂದೊಂದಾಗಿ ಬಿಡಿಸುವ ಮುಂಚೆ ಡೊಮೇನ್‌ವಾರು ವಿಂಗಡಿಸಿ. ಒಂದು ಗುಂಪಿನಲ್ಲಿ ಒಬ್ಬಿಬ್ಬರು ಬಿದ್ದಿದ್ದರೆ ಅದು ವಿಳಾಸದ ದೋಷ, ಇಡೀ ಗುಂಪೇ ಬಿದ್ದಿದ್ದರೆ ಕಳುಹಿಸುವವರ ದೋಷ. ಈ ಒಂದು ವಿಂಗಡಣೆ ಮಾಡದೆ ಬೌನ್ಸ್ ಆದವರನ್ನೆಲ್ಲ ತೆಗೆದರೆ ಪಟ್ಟಿಯ ಮುಕ್ಕಾಲು ಪಾಲು ಮಧ್ಯಾಹ್ನದೊಳಗೆ ಮಾಯವಾಗುತ್ತದೆ.

ಅಂಕಿ ಒಂದು ಹೇಳಿ ವಾಕ್ಯ ಇನ್ನೊಂದು ಹೇಳುವುದೂ ಉಂಟು. ಆಗ ವಾಕ್ಯವನ್ನು ನಂಬಿ. ಮೈಕ್ರೋಸಾಫ್ಟ್‌ನ ಸೇವೆ ಬಳಸುವ ಕಂಪನಿಯೊಂದರಿಂದ `550 5.4.1 Recipient address rejected: Access denied` ಎಂದು ಬರಬಹುದು. ಎರಡನೆಯ ಅಂಕಿ 4, ಅಂದರೆ ಜಾಲದ ತೊಂದರೆ ಎಂದು ತೋರುತ್ತದೆ. ನಿಜದಲ್ಲಿ ಸಾಮಾನ್ಯವಾಗಿ ಆ ಕಂಪನಿಯ ಖಾತೆಗಳ ಪಟ್ಟಿಯಲ್ಲಿ ಈ ಹೆಸರು ಇಲ್ಲ ಎಂದೇ ಅದರ ಅರ್ಥ. ಕೆಲಸ ಬಿಟ್ಟುಹೋದ ಲೆಕ್ಕಿಗರ ವಿಳಾಸಕ್ಕೆ ಹೀಗೆ ಬರುತ್ತದೆ. ಗಿರಣಿಗೆ ಫೋನ್ ಮಾಡಿ ಈಗ ಆ ಕುರ್ಚಿಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಸಾಲು ಸರಿಹೋಗುತ್ತದೆ.

ಇನ್ನೊಂದು ಒಗಟು ಪಟ್ಟಿ ನೋಡಿಕೊಳ್ಳುವವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುತ್ತದೆ. `Final-Recipient` ಸಾಲಿನಲ್ಲಿರುವ ವಿಳಾಸವನ್ನು ಪಟ್ಟಿಯಲ್ಲಿ ಹುಡುಕಿದರೆ ಅದು ಸಿಗುವುದೇ ಇಲ್ಲ. ಕಾರಣ ಮುಂದೂಡಿಕೆ. ಎಣ್ಣೆ ಗಿರಣಿಯ ಮಾಲೀಕರು ಬಿಲ್ ಪುಸ್ತಕದಲ್ಲಿ ಗಿರಣಿಯ ಹೆಸರಿನ ವಿಳಾಸ ಅಚ್ಚು ಹಾಕಿಸಿದ್ದಾರೆ. ಅಲ್ಲಿಗೆ ಬಂದದ್ದೆಲ್ಲ ಮಗನ ಜಿಮೇಲ್‌ಗೆ ಹೋಗುವಂತೆ ವ್ಯವಸ್ಥೆ ಮಾಡಿದ್ದಾರೆ. ಮಗ ಆ ಖಾತೆಯನ್ನು ಮುಚ್ಚಿದ್ದಾನೆ. ನಾವು ಗಿರಣಿಗೆ ಕಳುಹಿಸಿದೆವು, ಬೌನ್ಸ್ ಮಗನ ಹೆಸರಿನಲ್ಲಿ ಬಂತು. ಕೆಲವು ಸೂಚನೆಗಳಲ್ಲಿ `Original-Recipient` ಎಂಬ ಸಾಲು ಬೇರೆಯಾಗಿ ಇದ್ದು ಉತ್ತರ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಸೂಚನೆಯ ಕೊನೆಯಲ್ಲಿ ಅಂಟಿಕೊಂಡ ನಮ್ಮ ಪತ್ರದ `To:` ಸಾಲನ್ನು ನೋಡಬೇಕು. ನಾನ್ನೂರು ಜನರನ್ನು ಬಿಸಿಸಿಯಲ್ಲಿ ತುಂಬಿ ಒಂದೇ ಪತ್ರ ಕಳುಹಿಸಿದ್ದರೆ ಆ ಸಾಲಿನಲ್ಲಿ ನಮ್ಮದೇ ವಿಳಾಸವಿರುತ್ತದೆ, ಸುಳಿವು ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರಿಗೆ ಪ್ರತ್ಯೇಕ ಪತ್ರ ಹೋಗಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದು ಒಂದು ದೊಡ್ಡ ಕಾರಣ.

ಪಟ್ಟಿ ನಡೆಸುವ ತಂತ್ರಾಂಶಗಳು ಇದಕ್ಕೆ ಇನ್ನೂ ಗಟ್ಟಿಯಾದ ಉಪಾಯ ಬಳಸುತ್ತವೆ. ಅದರ ಹೆಸರು ವರ್ಪ್. ಬೌನ್ಸ್ ಬರಬೇಕಾದ ವಿಳಾಸವನ್ನು ಪ್ರತಿ ಸದಸ್ಯರಿಗೂ ಬೇರೆಬೇರೆಯಾಗಿ ಮಾಡಿ, ಅದರೊಳಗೆ ಸದಸ್ಯರ ವಿಳಾಸವನ್ನೇ ಹೆಣೆದಿರುತ್ತಾರೆ. ಸೂಚನೆ ಎಷ್ಟು ಕುರೂಪವಾಗಿ ಬರೆದಿದ್ದರೂ, ಅದು ಬಂದು ಬಿದ್ದ ವಿಳಾಸವೇ ಯಾರ ಪತ್ರ ವಾಪಸಾಯಿತು ಎಂದು ಹೇಳಿಬಿಡುತ್ತದೆ. ನಿಮ್ಮ ತಂತ್ರಾಂಶದಲ್ಲಿ ಈ ಆಯ್ಕೆ ಇದ್ದರೆ ಚಾಲೂ ಮಾಡಿ.

ಬೌನ್ಸ್‌ನಂತೆ ಕಂಡು ಬೌನ್ಸ್ ಅಲ್ಲದ್ದೂ ಇವೆ. ಊರಲ್ಲಿಲ್ಲ, ಸೋಮವಾರ ಬರುತ್ತೇನೆ ಎಂಬ ಸ್ವಯಂ ಉತ್ತರದ ತಲೆಸಾಲಿನಲ್ಲಿ ಸಾಮಾನ್ಯವಾಗಿ `Auto-Submitted: auto-replied` ಎಂದಿರುತ್ತದೆ; ಆ ವಿಳಾಸ ಜೀವಂತವಾಗಿದೆ. ನಾವು ಕಳುಹಿಸದ ಪತ್ರಕ್ಕೆ ಬಂದ ಬೌನ್ಸ್ ಆದರೆ, ಯಾರೋ ನಮ್ಮ ವಿಳಾಸವನ್ನು ಕದ್ದು ಬಳಸಿದ್ದಾರೆ. ಅಂಟಿಕೊಂಡ ಪತ್ರದ ವಿಷಯದ ಸಾಲು ನಮ್ಮದಲ್ಲ ಎಂಬುದರಿಂದ ತಿಳಿಯುತ್ತದೆ, ಪಟ್ಟಿಗೆ ಅದರ ಸಂಬಂಧವಿಲ್ಲ. ತಡೆಹಿಡಿದ ಪತ್ರ ಬಿಡಿಸಿಕೊಳ್ಳಲು ಇಲ್ಲಿ ಒತ್ತಿ, ಪಾಸ್‌ವರ್ಡ್ ಹಾಕಿ ಎಂದು ಕೇಳುವುದು ಮಾತ್ರ ವಂಚನೆ. ನಿಜವಾದ ಬೌನ್ಸ್ ಎಂದೂ ಪಾಸ್‌ವರ್ಡ್ ಕೇಳುವುದಿಲ್ಲ.

ಓದಿದ್ದನ್ನು ಬರೆದಿಡದಿದ್ದರೆ ಮುಂದಿನ ವಾರ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ನಾಲ್ಕು ಕಂಬ ಸೇರಿಸಿ: ಬೌನ್ಸ್ ಆದ ದಿನಾಂಕ, ಅಂಕಿ, ಸರ್ವರ್ ಹೇಳಿದ ವಾಕ್ಯ, ನಾವು ಮಾಡಿದ್ದೇನು. 5.1.1 ಬಂದ ವಿಳಾಸಕ್ಕೆ ಆ ಕ್ಷಣದಿಂದ ಕಳುಹಿಸುವುದನ್ನು ನಿಲ್ಲಿಸಿ, ಆದರೆ ಆ ಮನುಷ್ಯರ ಸಾಲನ್ನು ಅಳಿಸಬೇಡಿ. ಹೆಸರು ಮತ್ತು ಫೋನ್ ಉಳಿದರೆ ಮಾತ್ರ ಸರಿಯಾದ ವಿಳಾಸ ಮತ್ತೆ ಸಿಗುತ್ತದೆ. ಇಲ್ಲದ ವಿಳಾಸಗಳಿಗೆ ಮತ್ತೆ ಮತ್ತೆ ಕಳುಹಿಸುತ್ತಿದ್ದರೆ ದೊಡ್ಡ ಸೇವೆಗಳು ನಮ್ಮನ್ನು ಸ್ಪ್ಯಾಮ್ ಕಳುಹಿಸುವವರ ಸಾಲಿಗೆ ಸೇರಿಸುತ್ತವೆ, ಆಗ ಸರಿಯಾದ ವಿಳಾಸಗಳಿಗೂ ಪತ್ರ ಮುಟ್ಟುವುದಿಲ್ಲ. 4ರಿಂದ ಶುರುವಾಗುವವನ್ನು ಹಲವು ವಾರ ಗಮನಿಸಿ ತೀರ್ಮಾನಿಸಬಹುದು. 7 ಇರುವವುಗಳ ಮುಂದೆ ಏನೂ ಗುರುತು ಹಾಕದೆ ಮೊದಲು ನಮ್ಮ ಸರ್ವರ್ ಸರಿಮಾಡಿ ಮರಳಿ ಕಳುಹಿಸಬೇಕು.

ಇಷ್ಟೆಲ್ಲ ಮಾಡಿದರೂ ಉಳಿಯುವ ಒಂದು ಬಗೆಯ ತಪ್ಪಿದೆ. ಬೌನ್ಸ್ ಹೇಳುವುದು ಇಲ್ಲದ ವಿಳಾಸದ ಬಗ್ಗೆ ಮಾತ್ರ. ಟೈಪಿಂಗ್ ತಪ್ಪಿನಿಂದ ಹುಟ್ಟಿದ ವಿಳಾಸ ಬೇರೊಬ್ಬರದಾಗಿದ್ದರೆ ಯಾವ ಸರ್ವರ್ ಕೂಡ ತಕರಾರು ಮಾಡುವುದಿಲ್ಲ. ಜಿಮೇಲ್ ಹೆಸರಿನ ನಡುವಿನ ಚುಕ್ಕೆಯನ್ನು ಲೆಕ್ಕಿಸದ ಕಾರಣ ಅಲ್ಲಿ ಚುಕ್ಕೆ ತಪ್ಪಿದರೆ ತೊಂದರೆಯಿಲ್ಲ, ಆದರೆ ಒಂದು ಅಕ್ಷರ ತಪ್ಪಿದರೆ ಪತ್ರ ಇನ್ನೊಂದು ಮನೆಗೆ ಹೋಯಿತು. ಕೆಲವು ಕಂಪನಿಗಳ ಸರ್ವರ್‌ಗಳು ಯಾವ ಹೆಸರಿಗೆ ಬಂದರೂ ಪತ್ರವನ್ನು ಸ್ವೀಕರಿಸಿ ಆಮೇಲೆ ಸುಮ್ಮನೆ ಎಸೆಯುತ್ತವೆ. ಹೀಗಾಗಿ ಹೊಸದಾಗಿ ಸೇರಿಸಿದ ಅಥವಾ ತಿದ್ದಿದ ಪ್ರತಿ ವಿಳಾಸಕ್ಕೂ ಮೊದಲು ದರಪಟ್ಟಿಯ ಬದಲು ಒಂದು ದೃಢೀಕರಣ ಪತ್ರ ಕಳುಹಿಸಿ, ಅದರೊಳಗಿನ ಕೊಂಡಿ ಒತ್ತಿದವರನ್ನು ಅಥವಾ ಉತ್ತರಿಸಿದವರನ್ನು ಮಾತ್ರ ಪಟ್ಟಿಗೆ ಏರಿಸಬೇಕು. ಎರಡು ವಾರವಾದರೂ ಉತ್ತರ ಬರದವರಿಗೆ ಫೋನ್ ಮಾಡಿ. ನೀವು ಬರೆದುಕೊಂಡಿರುವ ವಿಳಾಸವನ್ನು ನೀವೇ ಓದಿ ಸರಿಯೇ ಎಂದು ಕೇಳಬೇಡಿ, ಹೌದು ಎಂದುಬಿಡುತ್ತಾರೆ. ಅವರಿಂದಲೇ ಒಂದೊಂದು ಅಕ್ಷರವಾಗಿ ಹೇಳಿಸಿ, ನಿಮ್ಮ ತೆರೆಯ ಮೇಲಿರುವುದರೊಂದಿಗೆ ಹೋಲಿಸಿಕೊಳ್ಳಿ.